‘S’ ಅಂದರೆ ಏನು ಎಂದು ಕೇಳಲು ಹಿಡಿದ 19 ದಿನ

ಕೆಲಸಕ್ಕೆ ಸೇರಿದ ಎರಡನೇ ದಿನ ಟೀಮ್ ಲೀಡ್ ನನ್ನನ್ನು ಕೂರಿಸಿಕೊಂಡು ಇಡೀ ಸಿಸ್ಟಂ ವಿವರಿಸಿದರು. ಬೋರ್ಡಿನ ಮೇಲೆ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಸುಮಾರು ಒಂದು ಗಂಟೆ ಮಾತಾಡಿದರು. ನಡುನಡುವೆ "ಗೊತ್ತಾಯ್ತಲ್ವಾ?" ಅಂತ ಕೇಳುತ್ತಿದ್ದರು. ಮೊದಲ ಸಲ ನಿಜವಾಗಿ ಗೊತ್ತಾಗಿತ್ತು, ತಲೆಯಾಡಿಸಿದೆ. ಎರಡನೇ ಸಲ ಅರ್ಧ ಗೊತ್ತಾಗಿತ್ತು, ಆಗಲೂ ಆಡಿಸಿದೆ. ಮೂರನೇ ಸಲ ಏನೂ ಗೊತ್ತಾಗಿರಲಿಲ್ಲ. ಆದರೆ ಎರಡು ಸಲ ಹೂಂ ಅಂದವರು ಈಗ ಉಹೂಂ ಅನ್ನುವುದು ಹೇಗೆ?

ಆ ಭಯ ಎಲ್ಲಿಂದ ಬಂತು ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಇಂಟರ್‌ವ್ಯೂನಲ್ಲಿ ನನಗೆ ಡೇಟಾಬೇಸ್ ಚೆನ್ನಾಗಿ ಗೊತ್ತು ಅಂತ ಹೇಳಿದ್ದೆ. ಅದು ಸುಳ್ಳಾಗಿರಲಿಲ್ಲ. ಕಾಲೇಜಿನಲ್ಲಿ ಕಲಿತ ಮಟ್ಟಿಗೆ ಗೊತ್ತಿತ್ತು. ಆದರೆ ಇಲ್ಲಿ ಇನ್ನೂರಕ್ಕೂ ಜಾಸ್ತಿ ಟೇಬಲ್‌ಗಳಿದ್ದವು. ಏನಾದರೂ ಕೇಳಿದರೆ "ಗೊತ್ತು ಅಂದಿದ್ದೆಯಲ್ಲ?" ಅಂತ ಯಾರಾದರೂ ಅಂದುಬಿಡುತ್ತಾರೆ ಅನ್ನಿಸುತ್ತಿತ್ತು. ಯಾರೂ ಅಂದಿರಲಿಲ್ಲ. ಅವರು ಅನ್ನುವ ಮೊದಲೇ ಆ ಮಾತು ನನ್ನ ಕಿವಿಯಲ್ಲಿ ಕೇಳುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ಅದೇ ವಾರ. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಓಡಿಸಬೇಕಿತ್ತು. ಟೀಮಿನ ಸೆಟಪ್ ಪುಟದಲ್ಲಿ ಬರೆದಂತೆ ಒಂದೊಂದೇ ಹೆಜ್ಜೆ ಮಾಡಿದೆ. ಕೊನೆಯಲ್ಲಿ ಅಪ್ಲಿಕೇಶನ್ ಶುರುವಾಗುತ್ತಿತ್ತು, ಡೇಟಾಬೇಸಿಗೆ ಹೋಗುವಾಗ ಬಿದ್ದುಹೋಗುತ್ತಿತ್ತು.

```
connection to server at "localhost" (127.0.0.1), port 5432 failed: Connection refused
```

ಡೇಟಾಬೇಸ್ ಓಡುತ್ತಿದೆ ಅಂತ ನನ್ನ ಕಣ್ಣಿಗೇ ಕಾಣುತ್ತಿತ್ತು. ಹಾಗಿದ್ದರೂ ಯಾಕೆ ಬರುತ್ತಿಲ್ಲ? ಪಾಸ್‌ವರ್ಡ್ ಬದಲಿಸಿ ನೋಡಿದೆ. ಎಲ್ಲವನ್ನೂ ತೆಗೆದು ಮತ್ತೆ ಹಾಕಿದೆ. ಒಂದಿಡೀ ದಿನ ಫೈರ್‌ವಾಲ್ ಬಗ್ಗೆ ಓದಿದೆ. ಯಾರಾದರೂ ಹಿಂದಿನಿಂದ ನಡೆದು ಹೋದರೆ ಬೇಗ ಬೇರೆ ವಿಂಡೋಗೆ ಹೋಗುತ್ತಿದ್ದೆ, ಆ ಕೆಂಪು ಸಾಲು ಕಾಣಬಾರದು ಅಂತ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ "ಸೆಟಪ್ ನಡೀತಿದೆ, ಇವತ್ತು ಮುಗಿಯುತ್ತೆ" ಅಂದೆ. ಮರುದಿನವೂ ಅದೇ ಮಾತು. ಮೂರನೇ ದಿನವೂ ಅದೇ.

ಮೂರನೇ ದಿನ ಮಧ್ಯಾಹ್ನ ಪಕ್ಕದ ಸೀಟಿನ ಸೀನಿಯರ್ ತಾವಾಗಿಯೇ ಬಗ್ಗಿ ನೋಡಿದರು. ನಾನು ವಿಂಡೋ ಬದಲಿಸುವಷ್ಟರಲ್ಲಿ ಓದಿಯೂ ಆಗಿತ್ತು. "ಕಂಟೇನರ್ ಒಳಗಿಂದ ಓಡಿಸ್ತಿದ್ದೀಯಲ್ಲ? ಅಲ್ಲಿ `localhost` ಅಂದರೆ ಆ ಕಂಟೇನರೇ. ನಿನ್ನ ಲ್ಯಾಪ್‌ಟಾಪ್ ಅಲ್ಲ, ಡೇಟಾಬೇಸ್ ಇರೋ ಕಂಟೇನರೂ ಅಲ್ಲ. ಹೋಸ್ಟ್ ಜಾಗದಲ್ಲಿ ಡೇಟಾಬೇಸ್ ಕಂಟೇನರಿನ ಹೆಸರು, `db` ಅಂತ ಹಾಕು." ಹಾಕಿದೆ. ಓಡಿತು. ನಾಲ್ಕು ನಿಮಿಷವೂ ಆಗಿರಲಿಲ್ಲ.

ಬೈಯುತ್ತಾರೆ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ಸೆಟಪ್ ಪುಟವನ್ನು. "ಇದರಲ್ಲಿ ಇನ್ನೂ `localhost` ಅಂತಾನೇ ಇದೆಯಾ? ಕಂಟೇನರ್ ಬರೋಕೆ ಮುಂಚೆ ಬರೆದ ಪುಟ ಇದು. ನಿನಗಿಂತ ಮುಂಚೆ ಇಬ್ಬರು ಸೇರಿದರು. ಒಬ್ಬರೂ ಹೇಳಲಿಲ್ಲ." ಅಂದರೆ ನನ್ನ ಹಾಗೆಯೇ ಇನ್ನಿಬ್ಬರು ಇದೇ ಕುರ್ಚಿಯ ಆಸುಪಾಸಿನಲ್ಲಿ ಕೂತು, ಇದೇ ಸಾಲು ನೋಡಿ, ಹೇಗೋ ದಾರಿ ಹುಡುಕಿಕೊಂಡು ಸುಮ್ನೆ ಇದ್ದುಬಿಟ್ಟಿದ್ದರು. ಪುಟ ಹಾಗೇ ತಪ್ಪಾಗಿ ಉಳಿದಿತ್ತು.

ಇಷ್ಟಾದ ಮೇಲೆ ನಾನು ಕಲಿತೆ ಅಂತ ಬರೆಯಬೇಕು. ಇಲ್ಲ, ಕಲಿಯಲಿಲ್ಲ. ನನ್ನ ತಲೆಗೆ ಹೋದದ್ದು ಒಂದೇ: ನಾಲ್ಕು ನಿಮಿಷದ ವಿಷಯ ನನಗೆ ಮೂರು ದಿನಕ್ಕೂ ಹೊಳೆಯಲಿಲ್ಲ. ಭಯ ಇನ್ನೂ ಜಾಸ್ತಿಯಾಯಿತು.

ಮೂರನೇ ವಾರ ಮೊದಲ ನಿಜವಾದ ಕೆಲಸ ಬಂತು. ಚಂದಾ ಕಟ್ಟಿ ಸೇವೆ ಪಡೆಯುವ ಗ್ರಾಹಕರಲ್ಲಿ ಮುಂದಿನ 30 ದಿನದಲ್ಲಿ ಯಾರ ಅವಧಿ ಮುಗಿಯುತ್ತದೋ ಅವರ ಪಟ್ಟಿ ತೆಗೆಯಬೇಕು, ಅವರಿಗೆ ನೆನಪಿನ ಮೇಲ್ ಹೋಗಬೇಕು. ಅಲ್ಲಿಯವರೆಗೆ ಆಪರೇಶನ್ಸ್‌ನಲ್ಲಿ ಒಬ್ಬರು ತಿಂಗಳಿಗೊಮ್ಮೆ ಎಕ್ಸೆಲ್‌ನಲ್ಲಿ ಕೈಯಾರೆ ಈ ಪಟ್ಟಿ ಮಾಡುತ್ತಿದ್ದರು. ಅದನ್ನು ಪ್ರತಿ ತಿಂಗಳ ಮೊದಲ ದಿನ ತಾನಾಗಿ ಓಡುವ ಹಾಗೆ ಮಾಡುವುದು ನನ್ನ ಕೆಲಸ.

ಕ್ವೆರಿ ಕಷ್ಟದ್ದೇನಲ್ಲ. ಮೊದಲ ದಿನವೇ ಬರೆದೆ.

```sql
SELECT customer_id, end_date
FROM subscriptions
WHERE status = 'A'
  AND end_date BETWEEN CURRENT_DATE AND CURRENT_DATE + 30;
```

ಬರೆಯುವಾಗ ಒಂದು ಕಡೆ ಕೈ ನಿಂತಿತು. `status` ಕಾಲಂನಲ್ಲಿ ಮೂರು ಅಕ್ಷರ ಇದ್ದವು: `A`, `C`, `S`. `A` ಅಂದರೆ ಆ್ಯಕ್ಟಿವ್. `C` ಅಂದರೆ ಕ್ಯಾನ್ಸಲ್ ಆದದ್ದು. ಇವೆರಡನ್ನೂ ಲೀಡ್ ಎರಡನೇ ದಿನವೇ ಹೇಳಿದ್ದರು. `S` ಬಗ್ಗೆಯೂ ಹೇಳಿದ್ದರೋ ಏನೋ, ನಾನು ತಲೆಯಾಡಿಸುತ್ತಿದ್ದ ಹೊತ್ತಿನಲ್ಲಿ.

ಕೋಡಿನಲ್ಲಿ ಹುಡುಕಿದೆ. ಒಂದು ಹಳೆಯ ಫೈಲಿನಲ್ಲಿ `'S'` ಸಿಕ್ಕಿತು, ಕಾಮೆಂಟ್ ಇರಲಿಲ್ಲ. ಟೀಮಿನ ಪುಟಗಳಲ್ಲಿ `status` ಅಂತ ಹಾಕಿದರೆ ನಲವತ್ತು ಪುಟ ಬಂದವು, ಯಾವುದೂ ಈ ಕಾಲಂ ಬಗ್ಗೆ ಅಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬೇರೆ ಯಾವುದೋ ಸಾಫ್ಟ್‌ವೇರಿನಲ್ಲಿ `S` ಅಂದರೆ ಸಸ್ಪೆಂಡೆಡ್ ಅಂತ ಇತ್ತು. ಸರಿಯಾಗಿಯೇ ಕೂತಂತೆ ಕಂಡಿತು. ಆ್ಯಕ್ಟಿವ್, ಕ್ಯಾನ್ಸಲ್, ಸಸ್ಪೆಂಡ್. ಟೆಸ್ಟ್ ಡೇಟಾಬೇಸಿನಲ್ಲಿ ಇನ್ನೂರು ಸಾಲಿನಲ್ಲಿ `S` ಇದ್ದದ್ದು ಮೂರೇ ಮೂರು. ಇಷ್ಟು ಅಪರೂಪದ್ದಕ್ಕೆ ಯಾಕೆ ಯಾರನ್ನಾದರೂ ಎಬ್ಬಿಸಬೇಕು ಅಂತ ಬಿಟ್ಟೆ.

ಪೂರ್ತಿ ಬಿಡಲಿಲ್ಲ ಅನ್ನುವುದೇ ನೋವಿನ ಸಂಗತಿ. ನನಗೆ ಅನುಮಾನ ಇತ್ತು. ಐದನೇ ದಿನ ಲೀಡ್‌ಗೆ ಚಾಟ್‌ನಲ್ಲಿ ಬರೆಯತೊಡಗಿದೆ. "ಒಂದು ಸಣ್ಣ ಡೌಟ್ ಇತ್ತು" ಅಂತ ಬರೆದೆ, ಅಳಿಸಿದೆ. "`S` ಅಂದರೆ ಸಸ್ಪೆಂಡೆಡ್ ತಾನೇ?" ಅಂತ ಬರೆದೆ. ಐದು ದಿನ ಆದಮೇಲೆ ಇದನ್ನು ಕೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಅನ್ನುವುದಿಲ್ಲವೇ? ಅಳಿಸಿದೆ. ಎದ್ದು ಅವರ ಸೀಟಿನವರೆಗೆ ಹೋದೆ. ಹೆಡ್‌ಫೋನ್ ಹಾಕಿಕೊಂಡಿದ್ದರು. ನೀರಿನ ಬಾಟಲಿ ತುಂಬಿಸಿಕೊಂಡು ವಾಪಸ್ ಬಂದೆ.

ಪ್ರಶ್ನೆಗೂ ವಯಸ್ಸಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೊದಲ ದಿನ "`S` ಅಂದರೇನು?" ಅಂತ ಕೇಳಿದ್ದರೆ ಅದು ಹೊಸಬರ ಮಾಮೂಲಿ ಪ್ರಶ್ನೆ. ಐದನೇ ದಿನ ಅದೇ ಪ್ರಶ್ನೆ ಕೇಳಲು ಜೊತೆಗೊಂದು ಸಮಜಾಯಿಷಿ ಬೇಕು. ಹನ್ನೆರಡನೇ ದಿನ ಟೀಮಿನ ಮುಂದೆ ಡೆಮೋ ಕೊಟ್ಟಾಯಿತು, ಎಲ್ಲರೂ ಚೆನ್ನಾಗಿದೆ ಅಂದರು. ಅದಾದ ಮೇಲೆ ಕೇಳುವುದು ಅಂದರೆ ನನಗೆ ಗೊತ್ತಿಲ್ಲದೇ ಡೆಮೋ ಕೊಟ್ಟೆ ಅಂತ ಒಪ್ಪಿಕೊಂಡ ಹಾಗೆ. ಪ್ರಶ್ನೆ ಅದೇ ಒಂದಕ್ಷರದ್ದು. ದಿನ ಕಳೆದಷ್ಟೂ ನಾನೇ ಅದಕ್ಕೆ ಭಾರ ಕಟ್ಟುತ್ತಾ ಹೋದೆ.

ಕೋಡ್ ರಿವ್ಯೂನಲ್ಲಿ ಸಿಕ್ಕಿಬೀಳಬೇಕಿತ್ತು, ಸಿಗಲಿಲ್ಲ. ರಿವ್ಯೂ ಮಾಡಿದ ಪಕ್ಕದ ಸೀಟಿನ ಸೀನಿಯರ್ ಆಮೇಲೆ ಹೇಳಿದ್ದು ಈಗಲೂ ನೆನಪಿದೆ. "ಬರೀ `A` ಇರೋದು ನೋಡಿದೆ. ಆಪರೇಶನ್ಸ್‌ನವರ ಹತ್ತಿರ ಮಾತಾಡಿಕೊಂಡೇ ಹಾಕಿರ್ತೀಯ ಅಂದುಕೊಂಡೆ. ನೀನು ಏನೂ ಕೇಳಿರಲಿಲ್ಲವಲ್ಲ." ನಾನು ಕೇಳದೆ ಇದ್ದದ್ದನ್ನು ಅವರು ನನಗೆ ಗೊತ್ತಿದೆ ಅಂತ ಓದಿಕೊಂಡಿದ್ದರು. ಹಾಗೆ ಕಾಣಲಿ ಅಂತಲೇ ನಾನು ಸುಮ್ಮನಿದ್ದೆ.

ಹದಿನೇಳನೇ ದಿನ, ಅಂದರೆ ತಿಂಗಳ ಮೊದಲ ದಿನ, ಜಾಬ್ ಓಡಿತು. 580 ಜನರಿಗೆ ಮೇಲ್ ಹೋಯಿತು. ಯಾವ ಎರರ್ ಕೂಡ ಇಲ್ಲ. ಈ ತರಹದ ತಪ್ಪಿನ ಗುಣವೇ ಅದು. ಕನೆಕ್ಷನ್ ಸಿಗದಿದ್ದರೆ ಕೆಂಪು ಸಾಲು ಬರುತ್ತದೆ. ಅರ್ಥ ತಪ್ಪಾಗಿದ್ದರೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಸಂಖ್ಯೆಯೊಂದೇ ಗುಟ್ಟು ಬಿಡುವುದು, ಅದೂ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಸಂಖ್ಯೆ ಇದ್ದರೆ ಮಾತ್ರ.

ಆ ಇನ್ನೊಂದು ಸಂಖ್ಯೆ ಎಕ್ಸೆಲ್ ಮಾಡುತ್ತಿದ್ದವರ ಹತ್ತಿರ ಇತ್ತು. ಹತ್ತೊಂಬತ್ತನೇ ದಿನ ಅವರು ಲೀಡ್‌ಗೆ ಬರೆದರು: ಪ್ರತಿ ತಿಂಗಳು ಸುಮಾರು 950 ಇರುತ್ತೆ, ಈ ಸಲ ಯಾಕೆ ಇಷ್ಟು ಕಡಿಮೆ? ಲೀಡ್ ನನ್ನನ್ನು ಕರೆದರು. ನನಗೆ ನಿಜವಾದ ಡೇಟಾಬೇಸ್ ನೋಡುವ ಅನುಮತಿ ಇರಲಿಲ್ಲ. ಅದನ್ನೂ ಕೇಳಿರಲಿಲ್ಲ. ಅವರೇ ನನ್ನ ಮುಂದೆ ಒಂದು ಸಾಲು ಓಡಿಸಿದರು.

```sql
SELECT status, COUNT(*) FROM subscriptions GROUP BY status;
```

`A` 6,812. `C` 2,937. `S` 4,190.

ಟೆಸ್ಟ್‌ನಲ್ಲಿ ಮೂರು ಸಾಲು ಇದ್ದದ್ದು ಇಲ್ಲಿ ನಾಲ್ಕು ಸಾವಿರ ದಾಟಿತ್ತು. ನನ್ನ ಬಾಯಿಂದ ಆಗ ಹೊರಬಂತು: "`S` ಅಂದರೆ ಏನು?"

"ಹಳೆ ಸಿಸ್ಟಂನಿಂದ ಬಂದ ಗ್ರಾಹಕರು. ಶಿಫ್ಟ್ ಆದವರು, ಅದಕ್ಕೆ `S`. ಅವರೂ ಆ್ಯಕ್ಟಿವ್ ಆದವರೇ, ಬಿಲ್ಲಿಂಗ್ ಮಾತ್ರ ಬೇರೆ ದಾರಿಯಲ್ಲಿ ಹೋಗುತ್ತೆ."

ಉತ್ತರಕ್ಕೆ ಹತ್ತು ಸೆಕೆಂಡ್ ಹಿಡಿಯಿತು. ಎಲ್ಲ ಹೇಳಿಬಿಟ್ಟೆ. ಮೊದಲ ದಿನವೇ ಅನುಮಾನ ಇತ್ತು, ಕೇಳಲಿಲ್ಲ, ಊಹೆ ಮಾಡಿದೆ ಅಂತ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. "ಎರಡು ವಾರದ ಹಿಂದೆ ಒಂದಿನ ಚಾಟ್‌ನಲ್ಲಿ ನಿನ್ನ ಹೆಸರಿನ ಕೆಳಗೆ ಟೈಪಿಂಗ್ ಅಂತ ಬರ್ತಿತ್ತು, ಹೋಗ್ತಿತ್ತು, ಮತ್ತೆ ಬರ್ತಿತ್ತು. ಏನೋ ಕೇಳ್ತೀಯ ಅಂತ ಕಾದೆ. ಬರಲಿಲ್ಲ. ಮೀಟಿಂಗ್ ಶುರುವಾಯ್ತು, ಮರೆತೆ. ಅವತ್ತು ನಾನೇ ಎದ್ದು ಬರಬೇಕಿತ್ತು."

ನಾನು ಅಳಿಸಿದ್ದು ಯಾರಿಗೂ ಕಾಣಲಿಲ್ಲ ಅಂದುಕೊಂಡಿದ್ದೆ. ಅವರ ಸ್ಕ್ರೀನಿನಲ್ಲಿ ಅದು ಕಾಣುತ್ತಿತ್ತು.

ಸರಿಪಡಿಸಿದ್ದು ಸುಲಭ. `status = 'A'` ಇದ್ದ ಜಾಗದಲ್ಲಿ `status IN ('A', 'S')` ಆಯಿತು. ಬಿಟ್ಟುಹೋದ 370 ಜನರಿಗೆ ಅಂದೇ ಸಂಜೆ ಮೇಲ್ ಹೋಯಿತು. ಆದರೆ ಅವರಲ್ಲಿ 23 ಜನರ ಅವಧಿ ಆ ಎರಡು ದಿನದಲ್ಲೇ ಮುಗಿದುಹೋಗಿತ್ತು. ನೆನಪಿಸದೇ ಅವರ ಸೇವೆ ನಿಂತಿತ್ತು. ಆಪರೇಶನ್ಸ್‌ನವರು 23 ಜನರಿಗೂ ಫೋನ್ ಮಾಡಿದರು. ನಾನು ಪಕ್ಕದಲ್ಲಿ ಕೂತು ಯಾರಿಗೆ ಮಾಡಿ ಆಯಿತು ಅಂತ ಪಟ್ಟಿಯಲ್ಲಿ ಗುರುತು ಹಾಕಿದೆ. ಒಬ್ಬ ಗ್ರಾಹಕರು ಜೋರಾಗಿ ಮಾತಾಡಿದರು, ಆಚೆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ಇವರು ಒಂದೇ ಸಮನೆ "ತಪ್ಪು ನಮ್ಮದೇ, ಈಗಲೇ ಸರಿ ಮಾಡಿಕೊಡ್ತೀವಿ" ಅನ್ನುತ್ತಿದ್ದರು. ನನ್ನ ಹೆಸರು ಒಂದು ಸಲವೂ ಬರಲಿಲ್ಲ. ದಡ್ಡತನ ಕಾಣಬಾರದು ಅಂತ ನಾನು ಉಳಿಸಿಕೊಂಡ ಹತ್ತು ಸೆಕೆಂಡಿಗೆ ಬೇರೆಯವರು ಒಂದು ಮಧ್ಯಾಹ್ನವನ್ನೇ ಕೊಟ್ಟರು.

ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ಆ ಐದು ವಾರದಲ್ಲಿ ನನಗೆ ಎಲ್ಲೆಲ್ಲಿ ತಡೆಯಾಗಿತ್ತು ಅಂತ ಬರೆದೆ. ಬರೆಯುತ್ತಾ ಹೋದಂತೆ ಒಂದು ವಿಷಯ ಎದ್ದು ಕಂಡಿತು. ಕೆಲವು ಪ್ರಶ್ನೆಗಳಿಗೆ ಉತ್ತರ ಹೊರಗಡೆ ಇತ್ತು. ಡೇಟಾಬೇಸಿನಲ್ಲಿ ತಾರೀಖಿಗೆ 30 ದಿನ ಕೂಡಿಸುವುದು ಹೇಗೆ, `Connection refused` ಯಾಕೆ ಬರುತ್ತದೆ, ಇಂಥವು. ಎಲ್ಲಿ ಬೇಕಾದರೂ ಓದಿಕೊಳ್ಳಬಹುದು. ಇನ್ನು ಕೆಲವಕ್ಕೆ ಉತ್ತರ ಇದ್ದದ್ದು ಆ ಕೋಣೆಯ ಜನರ ತಲೆಯಲ್ಲಿ ಮಾತ್ರ. `S` ಅಂದರೆ ಏನು, ಈ ಟೇಬಲ್ ಯಾಕೆ ಖಾಲಿ ಇದೆ, ಈ ಫೈಲನ್ನು ಬದಲಿಸಿದರೆ ಯಾರಿಗೆ ಹೇಳಬೇಕು. ಎಷ್ಟೇ ಜಾಣರಿದ್ದರೂ ಇವನ್ನು ಹುಡುಕಿ ತಿಳಿಯಲು ಆಗುವುದಿಲ್ಲ, ಯಾಕೆಂದರೆ ಎಲ್ಲೂ ಬರೆದಿಲ್ಲ. ನಾನು ಎರಡನ್ನೂ ಒಂದೇ ರಾಶಿಗೆ ಹಾಕಿ, ಎರಡಕ್ಕೂ ಇಂಟರ್ನೆಟ್ಟನ್ನೇ ಕೇಳುತ್ತಿದ್ದೆ. ಎರಡನೇ ತರಹದ್ದಕ್ಕೆ ಅಲ್ಲಿ ಸಿಗುವುದು ಬೇರೆ ಯಾರದೋ ಉತ್ತರ. ಅದು ಸರಿಯಿದ್ದಂತೆ ಕಾಣುವುದೇ ಅಪಾಯ.

ಅಂದಿನಿಂದ ಎರಡನೇ ತರಹದ ಪ್ರಶ್ನೆಯನ್ನು ಅದು ಹುಟ್ಟಿದ ದಿನವೇ ಕೇಳುತ್ತೇನೆ. ಮೊದಲ ತರಹದ್ದಾದರೆ ಸ್ವಲ್ಪ ಒದ್ದಾಡುತ್ತೇನೆ. ಅರ್ಧ ಗಂಟೆ ಅಂತ ಕೆಲವರು ಹೇಳುತ್ತಾರೆ. ನಾನು ಗಡಿಯಾರಕ್ಕಿಂತ ಇನ್ನೊಂದನ್ನು ನೋಡುತ್ತೇನೆ. ಪ್ರತಿ ಪ್ರಯತ್ನದಲ್ಲೂ ಹೊಸದೇನಾದರೂ ಗೊತ್ತಾಗುತ್ತಿದ್ದರೆ ಮುಂದುವರಿಯುತ್ತೇನೆ. ಮೊದಲು ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದರೆ ಕೇಳುವ ಹೊತ್ತಾಯಿತು. ಸ್ಟ್ಯಾಂಡಪ್‌ನಲ್ಲಿ ಎರಡನೇ ದಿನವೂ "ನಡೀತಿದೆ" ಅನ್ನುವ ಮಾತು ಬಾಯಿಗೆ ಬಂದರೆ ಅಲ್ಲೇ ನಿಲ್ಲಿಸಿ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಹೇಳುತ್ತೇನೆ.

ಕೇಳುವ ರೀತಿಯೂ ಕಲಿಯಬೇಕಾಯಿತು. ಮೊದಮೊದಲು "ಹಾಯ್, ಫ್ರೀ ಇದ್ದೀರಾ?" ಅಂತಷ್ಟೇ ಕಳಿಸುತ್ತಿದ್ದೆ. ಓದಿದವರಿಗೆ ಇದು ಎರಡು ನಿಮಿಷದ್ದೋ ಎರಡು ಗಂಟೆಯದ್ದೋ ಗೊತ್ತಾಗುತ್ತಿರಲಿಲ್ಲ, ಉತ್ತರ ಸಂಜೆಗೆ ಬರುತ್ತಿತ್ತು. ನಾನು ಅದನ್ನು ಕೋಪ ಅಂದುಕೊಳ್ಳುತ್ತಿದ್ದೆ. ಈಗ ಬರೆಯುವುದು ಹೀಗೆ:

"`subscriptions` ಟೇಬಲ್‌ನಲ್ಲಿ `status` `S` ಅಂದರೆ ಏನು ಅಂತ ಗೊತ್ತಾಗಬೇಕಿತ್ತು. ರಿನ್ಯೂವಲ್ ಪಟ್ಟಿಗೆ ಇವರನ್ನು ಸೇರಿಸಬೇಕಾ ಬೇಡವಾ ಅನ್ನೋದು ಅದರ ಮೇಲೆ ಇದೆ. ಕೋಡಿನಲ್ಲಿ, ಟೀಮಿನ ಪುಟಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಸಸ್ಪೆಂಡೆಡ್ ಇರಬಹುದು ಅಂತ ನನ್ನ ಊಹೆ. ನೀವು ಹೇಳುವವರೆಗೆ ಮೇಲ್ ಟೆಂಪ್ಲೇಟ್ ಮುಗಿಸುತ್ತಿರುತ್ತೇನೆ."

ಇದರಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಊಹೆಯ ಸಾಲು. ಊಹೆ ಸರಿಯಿದ್ದರೆ ಅವರು "ಹೌದು" ಅಂದರೆ ಸಾಕು. ತಪ್ಪಿದ್ದರೆ ಅದು ಮೇಲ್ ಹೋಗುವ ಮೊದಲೇ ಗೊತ್ತಾಗುತ್ತದೆ. ಭಯ ಇದ್ದಾಗಲೂ ಇದನ್ನು ಕಳಿಸುವುದು ಸುಲಭ, ಯಾಕೆಂದರೆ ಎಷ್ಟು ಹುಡುಕಿದ್ದೇನೆ ಅನ್ನುವುದು ಅದರಲ್ಲೇ ಇರುತ್ತದೆ.

ಎಲ್ಲರೂ ಪ್ರೀತಿಯಿಂದಲೇ ಉತ್ತರಿಸುತ್ತಾರೆ ಅಂತಲ್ಲ. ಇನ್ನೊಂದು ಟೀಮಿನ ಒಬ್ಬರು "ಕೋಡ್ ಓದು" ಅಂತ ಎರಡೇ ಪದ ಕಳಿಸಿದ್ದರು. ಅವತ್ತು ಇಡೀ ದಿನ ಮನಸ್ಸು ಕೆಟ್ಟಿತ್ತು. ಮರುದಿನ ಕೋಡ್ ಓದಿ, ಯಾವ ಫೈಲಿನ ಯಾವ ಸಾಲು ಅರ್ಥ ಆಗಲಿಲ್ಲ ಅಂತ ಬರೆದೆ. ಆಗ ಉದ್ದ ಉತ್ತರ ಬಂತು. ಇನ್ನೊಮ್ಮೆ ನಾನು ಕೇಳಿದ್ದು ಟೀಮಿನ ಪುಟದಲ್ಲೇ ಇತ್ತು. ಲಿಂಕ್ ಕಳಿಸಿದರು, "ಥ್ಯಾಂಕ್ಸ್, ನೋಡಿರಲಿಲ್ಲ" ಅಂದೆ, ಅಲ್ಲಿಗೆ ಮುಗಿಯಿತು. ಅಷ್ಟು ದಿನ ಹೆದರಿದ್ದ ಆ ಗಳಿಗೆ ಬಂದು ಹೋಗಿತ್ತು.

ಭಯ ಈಗಲೂ ಇದೆ. ಕಳಿಸುವ ಬಟನ್ ಒತ್ತುವ ಮುಂಚೆ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಆದರೆ ಅಳಿಸುವುದಿಲ್ಲ.

ಸೆಟಪ್ ಪುಟದಲ್ಲಿ `localhost` ಇದ್ದ ಸಾಲನ್ನು ನಾನೇ ತಿದ್ದಿದೆ. `status` ಕಾಲಂಗೆ ಡೇಟಾಬೇಸಿನಲ್ಲೇ ಒಂದು ಟಿಪ್ಪಣಿ ಸೇರಿಸಿದೆ, ಮುಂದೆ ನೋಡುವವರಿಗೆ ಅಲ್ಲೇ ಕಾಣಲಿ ಅಂತ.

```sql
COMMENT ON COLUMN subscriptions.status IS
  'A = active, C = cancelled, S = shifted from old system (also live)';
```

ಒಂದು ವರ್ಷ ಕಳೆಯುವಷ್ಟರಲ್ಲಿ ನನ್ನ ಪಕ್ಕಕ್ಕೆ ಹೊಸಬರೊಬ್ಬರು ಬಂದರು. ಎರಡನೇ ವಾರ ಚಾಟ್‌ನಲ್ಲಿ ಅವರ ಹೆಸರಿನ ಕೆಳಗೆ ಟೈಪಿಂಗ್ ಅಂತ ಬಂತು, ಹೋಯಿತು, ಮತ್ತೆ ಬಂತು. ಕುರ್ಚಿ ತಿರುಗಿಸಿ "ಏನು, ಹೇಳಿ" ಅಂದೆ.

ಸ್ವಲ್ಪ ತಡೆದು ಸ್ಕ್ರೀನ್ ತೋರಿಸಿದರು. "ಟಿಪ್ಪಣಿಯಲ್ಲಿ ಮೂರೇ ಇದೆ. ಇಲ್ಲಿ `H` ಅಂತ ಹನ್ನೊಂದು ಸಾಲು ಇವೆ. ಇದು ಏನು?"

ನಾನು `H` ನೋಡಿಯೇ ಇರಲಿಲ್ಲ. "ನನಗೂ ಗೊತ್ತಿಲ್ಲ, ಬನ್ನಿ" ಅಂದೆ. ಇಬ್ಬರೂ ಎದ್ದು ಲೀಡ್ ಹತ್ತಿರ ಹೋದೆವು. ಹೆಡ್‌ಫೋನ್ ಹಾಕಿಕೊಂಡಿದ್ದರು. ಮೇಜಿನ ಅಂಚನ್ನು ಮೆಲ್ಲಗೆ ತಟ್ಟಿದೆ.